ಸ್ಪ್ರಿಂಗಿನ ಲೆಕ್ಕದಲ್ಲಿ ವೃತ್ತ ಎಲ್ಲಿಂದ ಬಂತು?

ನುಣುಪಾದ ಮೇಜಿನ ಮೇಲೆ ಸ್ಪ್ರಿಂಗಿಗೆ ಸಿಕ್ಕಿಸಿದ ತೂಕವೊಂದನ್ನು ಎಳೆದು ಬಿಟ್ಟರೆ ಅದು ನೇರ ಗೆರೆಯಲ್ಲಿ ಅತ್ತಿಂದಿತ್ತ ಓಡಾಡುತ್ತದೆ. ಅಲ್ಲಿ ವೃತ್ತವೂ ಇಲ್ಲ, ತ್ರಿಕೋನವೂ ಇಲ್ಲ. ಆದರೂ ಆ ಓಡಾಟವನ್ನು ಲೆಕ್ಕ ಹಾಕಹೊರಟವರಿಗೆ ಕೊನೆಗೆ ಸಿಗುವುದು ತ್ರಿಕೋನಮಿತಿಯ ಸೈನ್ ಮತ್ತು ಕೊಸೈನ್.

ಸ್ಪ್ರಿಂಗಿನ ಗುಣ ಸರಳ: ಎಷ್ಟು ಎಳೆದರೆ ಅಷ್ಟು ಜೋರಾಗಿ ಹಿಂದಕ್ಕೆ ಜಗ್ಗುತ್ತದೆ. ತೂಕ ನಡುವಿನಿಂದ y ದೂರದಲ್ಲಿದ್ದರೆ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗಿರುತ್ತದೆ. ತೂಕ 1 ಕಿಲೋಗ್ರಾಂ, ಸ್ಪ್ರಿಂಗಿನ ಬಿಗುವು ಮೀಟರಿಗೆ 1 ನ್ಯೂಟನ್ ಎಂದಿಟ್ಟುಕೊಂಡರೆ ಸಮೀಕರಣ y'' = −y ಆಗುತ್ತದೆ. ಇದನ್ನೇ y'' + y = 0 ಎಂದು ಬರೆಯುವುದು ವಾಡಿಕೆ. ಸೈನನ್ನು ಎರಡು ಸಲ ಅವಕಲಿಸಿದರೆ ಋಣ ಸೈನ್ ಬರುತ್ತದೆ, ಆದ್ದರಿಂದ ಉತ್ತರ ಸರಿ ಎಂದು ಪಠ್ಯಪುಸ್ತಕ ಮುಂದಿನ ಪುಟಕ್ಕೆ ಹೋಗುತ್ತದೆ. ಅದು ತಾಳೆ ನೋಡುವುದಾಯಿತು, ಕಾರಣ ಹೇಳಿದಂತಾಗಲಿಲ್ಲ.

ಕಾರಣ ಕಾಣಬೇಕಾದರೆ ತೂಕ ಎಲ್ಲಿದೆ ಎಂಬುದರ ಜೊತೆಗೆ ಎಷ್ಟು ವೇಗದಲ್ಲಿದೆ ಎಂಬುದನ್ನೂ ಗುರುತು ಹಾಕಬೇಕು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದೂರ y, ಉದ್ದಕ್ಕೆ ವೇಗ v. ಪ್ರತಿ ಕ್ಷಣಕ್ಕೂ ಹಾಳೆಯ ಮೇಲೆ ಒಂದು ಬಿಂದು ಸಿಗುತ್ತದೆ: (y, v). ತೂಕ ಓಡಾಡಿದಂತೆ ಈ ಬಿಂದುವೂ ಸರಿಯುತ್ತದೆ. ಯಾವ ಕಡೆಗೆ? y ಬದಲಾಗುವ ದರ v. V ಬದಲಾಗುವ ದರ, ಸಮೀಕರಣ ಹೇಳಿದಂತೆ, −y. ಹಾಗಾಗಿ ಬಿಂದು ಸರಿಯುವ ದಿಕ್ಕು (v, −y).

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಂದು (3, 4)ರಲ್ಲಿದ್ದರೆ ಅದು ಸರಿಯುವುದು (4, −3) ಕಡೆಗೆ. ಮೂಲಬಿಂದುವಿನಿಂದ ಈ ಎರಡಕ್ಕೂ ಗೆರೆ ಎಳೆದು ನೋಡಿದರೆ ನಡುವಿನ ಕೋನ ನೇರ ಲಂಬಕೋನ. ಎಲ್ಲೇ ಇದ್ದರೂ ಹೀಗೆಯೇ, ಏಕೆಂದರೆ y×v ಮತ್ತು v×(−y) ಕೂಡಿದರೆ ಯಾವಾಗಲೂ ಸೊನ್ನೆ. ಕೇಂದ್ರದ ಕಡೆಗೂ ಅಲ್ಲ, ಕೇಂದ್ರದಿಂದ ಆಚೆಗೂ ಅಲ್ಲ, ಸದಾ ಅಡ್ಡಕ್ಕೇ ಸರಿಯುವ ಬಿಂದುವಿಗೆ ಕೇಂದ್ರದಿಂದ ಇರುವ ದೂರ ಬದಲಾಗುವುದಿಲ್ಲ; ಅದು ವೃತ್ತದಲ್ಲೇ ಸುತ್ತಬೇಕು. ಸರಿಯುವ ವೇಗವೂ ತ್ರಿಜ್ಯದಷ್ಟೇ: (3, 4)ರ ದೂರ 5, (4, −3)ರ ಅಳತೆಯೂ 5. ಅಂದಮೇಲೆ ಬಿಂದು ಸೆಕೆಂಡಿಗೆ ಸರಿಯಾಗಿ ಒಂದು ರೇಡಿಯನ್ನಿನಂತೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಒಂದೇ ಸಮನೆ ತಿರುಗುತ್ತದೆ.

ಒಂದು ತ್ರಿಜ್ಯದ ವೃತ್ತದಲ್ಲಿ ಸಮವೇಗದಿಂದ ಸುತ್ತುವ ಬಿಂದುವಿನ ಅಡ್ಡಳತೆ, ಉದ್ದಳತೆಗಳನ್ನೇ ಕೊಸೈನ್, ಸೈನ್ ಎನ್ನುವುದು. (1, 0)ಯಿಂದ ಹೊರಟರೆ y = cos t; (0, 1)ರಿಂದ ಹೊರಟರೆ y = sin t. ಬೇರೆ ಉತ್ತರಕ್ಕೆ ಜಾಗವೂ ಇಲ್ಲ. ಒಂದೇ ಕಡೆಯಿಂದ, ಒಂದೇ ವೇಗದಲ್ಲಿ ಹೊರಟ ಎರಡು ಉತ್ತರಗಳಿದ್ದರೆ ಅವುಗಳ ವ್ಯತ್ಯಾಸವೂ ಇದೇ ಸಮೀಕರಣಕ್ಕೆ ಒಪ್ಪುತ್ತದೆ. ಆದರೆ ಆ ವ್ಯತ್ಯಾಸ ಸುತ್ತುವ ವೃತ್ತದ ತ್ರಿಜ್ಯ ಸೊನ್ನೆ, ಮತ್ತು ಸೊನ್ನೆಯಾಗಿಯೇ ಉಳಿಯುತ್ತದೆ.

ನಡುವಿನಿಂದ 3 ಸೆಂಟಿಮೀಟರ್ ದೂರದಲ್ಲಿ, ಸೆಕೆಂಡಿಗೆ 4 ಸೆಂಟಿಮೀಟರ್ ವೇಗದಲ್ಲಿ ಹೊರಟ ತೂಕದ ಉತ್ತರ y = 3 cos t + 4 sin t. ಮೂರು ಮತ್ತು ನಾಲ್ಕು ಕೂಡಿ ತೂಕ 7 ಸೆಂಟಿಮೀಟರ್ ದೂರ ಹೋಗುತ್ತದೆಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ವೃತ್ತದ ತ್ರಿಜ್ಯ ನೆನಪಿದ್ದರೆ ಆ ತಪ್ಪಾಗದು: ಅದು 5 ಸೆಂಟಿಮೀಟರನ್ನು ದಾಟುವುದೇ ಇಲ್ಲ. ಸುಮಾರು 0.93 ಸೆಕೆಂಡಿಗೆ ಆ ತುದಿ ಮುಟ್ಟಿ ಹಿಂದಿರುಗುತ್ತದೆ, 6.28 ಸೆಕೆಂಡಿಗೆ ಒಂದು ಸುತ್ತು ಮುಗಿಯುತ್ತದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಮಾತ್ರ ಲೆಕ್ಕವೆಲ್ಲ ಕೆಡುತ್ತದೆ. ನಿಜವಾದ ಮೇಜಿನ ಮೇಲೆ ಘರ್ಷಣೆಯೂ ಇರುವುದರಿಂದ ಬಿಂದು ವೃತ್ತ ಬಿಟ್ಟು ಮೆಲ್ಲನೆ ಕೇಂದ್ರದತ್ತ ಸುರುಳಿಯಾಗಿ ಇಳಿಯುತ್ತದೆ. ಆಗ ಸಮೀಕರಣಕ್ಕೆ ಇನ್ನೊಂದು ಪದ ಸೇರಿಸಬೇಕು.

ಕುತೂಹಲದ ಸಂಗತಿಯೆಂದರೆ, ಕಲನಶಾಸ್ತ್ರ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಈ ಸಂಬಂಧ ಭಾರತದ ಜ್ಯಾ ಕೋಷ್ಟಕದಲ್ಲಿ ಅಂಕಿಗಳಾಗಿ ಕೂತಿತ್ತು. 499ರ ಆರ್ಯಭಟೀಯದಲ್ಲಿ ತ್ರಿಜ್ಯವನ್ನು 3438 ಎಂದಿಟ್ಟುಕೊಂಡು, 3 ಡಿಗ್ರಿ 45 ಮಿನಿಟಿನ ಮೆಟ್ಟಿಲುಗಳಲ್ಲಿ 24 ಜ್ಯಾ ವ್ಯತ್ಯಾಸಗಳಿವೆ. 30 ಡಿಗ್ರಿಯಲ್ಲಿ ಜ್ಯಾ 1719. ಅದಕ್ಕೆ ಬರುವ ಮೊದಲಿನ ಏರಿಕೆ 199, ನಂತರದ್ದು 191. ಏರಿಕೆ 8ರಷ್ಟು ಕುಗ್ಗಿತು. 60 ಡಿಗ್ರಿಯಲ್ಲಿ ಜ್ಯಾ 2978, ಏರಿಕೆ 119ರಿಂದ 106ಕ್ಕೆ ಇಳಿದು 13ರಷ್ಟು ಕುಗ್ಗಿತು. ಜ್ಯಾ ದೊಡ್ಡದಾದಂತೆ ಏರಿಕೆಯ ಕುಗ್ಗುವಿಕೆಯೂ ಅದೇ ಅನುಪಾತದಲ್ಲಿ ದೊಡ್ಡದಾಗುತ್ತಿದೆ. ಸಣ್ಣ ಮೆಟ್ಟಿಲುಗಳಲ್ಲಿ ಬರೆದ y'' = −y ಎಂದರೆ ಇದೇ. ಪೂರ್ಣಾಂಕಗಳಾದ್ದರಿಂದ ಅನುಪಾತ ಕೊಂಚ ಆಚೀಚೆಯಾಗುತ್ತದೆ. ಕೇರಳದ ನೀಲಕಂಠ ಸೋಮಯಾಜಿ 1500ರ ಸುಮಾರಿನ ತಂತ್ರಸಂಗ್ರಹದಲ್ಲಿ ಜ್ಯಾವನ್ನು ಭಾಗಿಸಬೇಕಾದ ಸಂಖ್ಯೆ 233½ ಎಂದು ಕೊಟ್ಟರು. 3438ನ್ನು 225ರಿಂದ ಭಾಗಿಸಿ ಬಂದದ್ದನ್ನು ವರ್ಗ ಮಾಡಿದರೆ ಇಂದಿನ ಕ್ಯಾಲ್ಕುಲೇಟರ್ ತೋರಿಸುವುದೂ 233.5ಕ್ಕೆ ತೀರ ಹತ್ತಿರದ ಸಂಖ್ಯೆಯನ್ನೇ.