ಅರ್ಧ ಉಳಿದೇ ಹೋಗುವ ಅನಿಲ, ಬೇಕೆಂದೇ ಮಾಡುವ ಕಿಟ್ಟ

ಕೆಮ್ಮಣ್ಣುಗುಂಡಿಯ ಬೆಟ್ಟಕ್ಕೂ ಸಂಡೂರಿನ ರಸ್ತೆಯ ಧೂಳಿಗೂ ಕೆಂಪು ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡುಗಳಿಂದ. ಅವುಗಳಲ್ಲಿ ಮುಖ್ಯವಾದದ್ದು ಹೆಮಟೈಟ್. ಅಪ್ಪಟ ಹೆಮಟೈಟ್ 100 ಕಿಲೋ ಇದ್ದರೆ ಅದರಲ್ಲಿ ಕಬ್ಬಿಣ 70 ಕಿಲೋ, ಉಳಿದ 30 ಕಿಲೋ ಆಮ್ಲಜನಕ. ಕಬ್ಬಿಣ ಬೇಕೆಂದರೆ ಆ 30 ಕಿಲೋವನ್ನು ಕಳಚಿ ತೆಗೆಯಬೇಕು. ಬರೀ ಕಾಯಿಸಿದರೆ ಅದು ಬಿಟ್ಟುಹೋಗುವುದಿಲ್ಲ. ಆಮ್ಲಜನಕವನ್ನು ತನ್ನ ಕಡೆಗೆ ಎಳೆದುಕೊಳ್ಳುವ ಇನ್ನೊಂದು ವಸ್ತು ಅಲ್ಲಿರಬೇಕು. ಊದುಕುಲುಮೆಯಲ್ಲಿ ಈ ಕೆಲಸದ ಬಹುಪಾಲನ್ನು ಮಾಡುವುದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ.

ಶಾಲೆಯ ಪುಸ್ತಕದ ಚಿತ್ರ ಬಹಳ ಜನಕ್ಕೆ ನೆನಪಿರುತ್ತದೆ. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು ಸುರಿಯುತ್ತಾರೆ, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಕೋಕ್ ಎಂದರೆ ಕಲ್ಲಿದ್ದಲನ್ನು ಗಾಳಿ ತಾಗದಂತೆ ಬೇಯಿಸಿ ಪಡೆದ ಗಟ್ಟಿ ಇಂಗಾಲ. ಅದಿರಿನ ಪಕ್ಕದಲ್ಲೇ ಇಷ್ಟೊಂದು ಇಂಗಾಲ ಇರುವಾಗ ನಡುವೆ ಅನಿಲವೊಂದು ಯಾಕೆ ಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ಎರಡು ಕಲ್ಲುಗಳನ್ನು ಒತ್ತಟ್ಟಿಗೆ ಇಟ್ಟರೂ ಅವು ಮುಟ್ಟುವುದು ಒಂದೆರಡು ಕಡೆ ಮಾತ್ರ. ಅನಿಲವಾದರೋ ಅದಿರಿನ ಪ್ರತಿ ಸಂದಿಗೂ ಸೂಕ್ಷ್ಮ ರಂಧ್ರಕ್ಕೂ ನುಗ್ಗಿ ಒಳಗಿನ ಆಮ್ಲಜನಕವನ್ನು ಹೊರಗೆ ಎಳೆದು ತರುತ್ತದೆ.

ಆ ಅನಿಲ ಹುಟ್ಟುವುದು ಕುಲುಮೆಯ ಬುಡದಲ್ಲಿ. ಸುತ್ತಲೂ ಜೋಡಿಸಿದ ತಾಮ್ರದ ಮೂತಿಗಳಿಂದ, ಅಂದರೆ ಟುಯರ್‌ಗಳಿಂದ, ಸುಮಾರು 1,100–1,200 ಡಿಗ್ರಿಗೆ ಕಾಯಿಸಿದ ಗಾಳಿ ಒಳನುಗ್ಗುತ್ತದೆ. ಒಳಗಡೆ ನೀರು ಹರಿಯದಿದ್ದರೆ ಆ ಮೂತಿಗಳೇ ಕರಗಿಹೋಗುತ್ತವೆ. ಗಾಳಿ ತಾಗಿದ ಕೂಡಲೇ ಕೋಕ್ ಉರಿದು ಉಷ್ಣತೆ 2,000 ಡಿಗ್ರಿ ದಾಟುತ್ತದೆ. ಮೊದಲು ಆಗುವುದು ಕಾರ್ಬನ್ ಡೈಆಕ್ಸೈಡ್. ಆದರೆ ಸುತ್ತ ಕೆಂಡವಾದ ಕೋಕ್ ರಾಶಿಯೇ ಇರುವುದರಿಂದ ಅದು ಅಲ್ಲಿ ಉಳಿಯಲಾರದು. ಇನ್ನೊಂದು ಇಂಗಾಲವನ್ನು ಸೇರಿಸಿಕೊಂಡು ಎರಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಅನಿಲ ಕೆಲವೇ ಸೆಕೆಂಡುಗಳಲ್ಲಿ ಕುಲುಮೆಯ ನೆತ್ತಿಗೆ ಏರಿ ಹೊರಬೀಳುತ್ತದೆ. ಅದೇ ದಾರಿಯನ್ನು ಇಳಿದು ಬರಲು ಅದಿರಿಗೆ ಹಿಡಿಯುವುದು ಆರೆಂಟು ಗಂಟೆ.

ಇಳಿಯುತ್ತಾ ಅದಿರು ತನ್ನ ಆಮ್ಲಜನಕವನ್ನು ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಮೇಲ್ಭಾಗದಲ್ಲಿ ಹೆಮಟೈಟ್ ಮ್ಯಾಗ್ನೆಟೈಟ್ ಆಗುತ್ತದೆ. ಇನ್ನೂ ಕೆಳಗೆ ಮ್ಯಾಗ್ನೆಟೈಟ್ ವುಸ್ಟೈಟ್ ಆಗುತ್ತದೆ. ಅದರಲ್ಲಿ ಕಬ್ಬಿಣದ ಒಂದು ಪರಮಾಣುವಿಗೆ ಹೆಚ್ಚುಕಡಿಮೆ ಒಂದೇ ಆಮ್ಲಜನಕ. ಕೊನೆಯದು ವುಸ್ಟೈಟ್ ಕಬ್ಬಿಣವಾಗುವ ಮೆಟ್ಟಿಲು:

FeO + CO → Fe + CO₂

ನೋಡಲು ಸರಳವಾದ ಈ ಸಾಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕಬ್ಬಿಣದ ಯಜಮಾನರಿಗೆ ಬಹಳ ಹಣ ಖರ್ಚು ಮಾಡಿಸಿತು. ಕುಲುಮೆಯ ನೆತ್ತಿಯಿಂದ ಹೊರಬರುವ ಹೊಗೆಯಲ್ಲಿ ಕೆಲಸಕ್ಕೆ ಬಾರದೆ ಉಳಿದ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿರುವುದು ಅವರಿಗೆ ಗೊತ್ತಿತ್ತು. ಅನಿಲಕ್ಕೂ ಅದಿರಿಗೂ ಸಾಕಷ್ಟು ಹೊತ್ತು ಒಡನಾಟ ಸಿಗುತ್ತಿಲ್ಲ, ಕುಲುಮೆಯನ್ನು ಎತ್ತರಿಸಿದರೆ ಆಯಿತು ಎಂದುಕೊಂಡರು. ಮಿಡ್ಲ್ಸ್‌ಬರೋ ಸುತ್ತಲಿನ ಕ್ಲೀವ್‌ಲ್ಯಾಂಡ್ ಪ್ರದೇಶದಲ್ಲಿ 15 ಮೀಟರ್ ಆಸುಪಾಸಿದ್ದ ಕುಲುಮೆಗಳು 25–30 ಮೀಟರಿಗೆ ಬೆಳೆದವು. ಒಂದು ಮಟ್ಟದವರೆಗೆ ಎತ್ತರದಿಂದ ಲಾಭವೂ ಆಯಿತು, ಯಾಕೆಂದರೆ ಹೊರಹೋಗುವ ಅನಿಲದ ಬಿಸಿಯನ್ನು ಅದಿರು ಹೀರಿಕೊಂಡಿತು. ಅದರಾಚೆಗೆ ಎಷ್ಟು ಎತ್ತರಿಸಿದರೂ ಕಾರ್ಬನ್ ಮೊನಾಕ್ಸೈಡ್ ಮಾತ್ರ ಹೊರಗೆ ಬರುತ್ತಲೇ ಇತ್ತು. ಅಲ್ಲಿನ ಉದ್ಯಮಿಯೂ ರಸಾಯನಶಾಸ್ತ್ರಜ್ಞನೂ ಆಗಿದ್ದ ಲೋಥಿಯನ್ ಬೆಲ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಇದಕ್ಕೆ ಎತ್ತರದ ಕೊರತೆ ಕಾರಣವಲ್ಲ ಎಂದು 1872ರ ತನ್ನ ಪುಸ್ತಕದಲ್ಲಿ ತೋರಿಸಿದ. ಮುಂದೆ 1888ರಲ್ಲಿ ಫ್ರೆಂಚ್ ವಿಜ್ಞಾನಿ ಲ ಶಾಟಲ್ಯೆ ರಾಸಾಯನಿಕ ಸಮತೋಲದ ಬಗ್ಗೆ ಬರೆಯುವಾಗ ಈ ಎತ್ತರದ ಕುಲುಮೆಗಳ ಕಥೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡ.

ಒಳಗೆ ನಡೆಯುವುದನ್ನು ಎಣಿಸಿಯೇ ನೋಡಬಹುದು. ಮೇಲಿನ ಸಾಲು ಹಿಂದಕ್ಕೂ ಓಡಬಲ್ಲದು: ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಅದು ಹೊಸದಾಗಿ ಆದ ಕಬ್ಬಿಣಕ್ಕೆ ಮತ್ತೆ ಆಮ್ಲಜನಕ ಕೊಟ್ಟುಬಿಡುತ್ತದೆ. ಸುಮಾರು 900 ಡಿಗ್ರಿಯಲ್ಲಿ ಈ ಎಳೆದಾಟ ನಿಲ್ಲುವುದು ಅನಿಲದ ಹತ್ತು ಅಣುಗಳಲ್ಲಿ ಮೂರು ಡೈಆಕ್ಸೈಡ್, ಏಳು ಮೊನಾಕ್ಸೈಡ್ ಆದಾಗ. ಅಂದರೆ ವುಸ್ಟೈಟಿನ ಹತ್ತಿರ ಹತ್ತು ಮೊನಾಕ್ಸೈಡ್ ಬಂದರೆ ಮೂರು ಮಾತ್ರ ಆಮ್ಲಜನಕ ಹೊತ್ತುಕೊಂಡು ಹೋಗಬಲ್ಲವು, ಕಬ್ಬಿಣದ ಮೂರು ಪರಮಾಣು ಬಿಡುಗಡೆಯಾಗುತ್ತವೆ. ಉಳಿದ ಏಳಕ್ಕೆ ಅಲ್ಲಿ ಎಷ್ಟು ಸಮಯ ಕೊಟ್ಟರೂ ಕೆಲಸವಿಲ್ಲ. ಆದರೆ ಇದೇ ಅನಿಲ ಮೇಲೇರಿದಾಗ ಅಲ್ಲಿ ಸಿಗುವುದು ಸುಲಭದ ಅದಿರು; ಮ್ಯಾಗ್ನೆಟೈಟ್ ಮತ್ತು ಹೆಮಟೈಟ್ ಇಷ್ಟು ದುರ್ಬಲವಾದ ಅನಿಲಕ್ಕೂ ಆಮ್ಲಜನಕ ಬಿಟ್ಟುಕೊಡುತ್ತವೆ. ಹೆಮಟೈಟ್ ವುಸ್ಟೈಟ್ ಆಗಲು ಕಳಚಬೇಕಾದದ್ದು ಪ್ರತಿ ಕಬ್ಬಿಣಕ್ಕೆ ಅರ್ಧ ಆಮ್ಲಜನಕ, ಮೂರು ಕಬ್ಬಿಣಕ್ಕೆ ಒಂದೂವರೆ. ಮೂರಕ್ಕೆ ಒಂದೂವರೆ ಸೇರಿದರೆ ನಾಲ್ಕೂವರೆ. ಹತ್ತರಲ್ಲಿ ನಾಲ್ಕೂವರೆ ಡೈಆಕ್ಸೈಡ್ ಆಯಿತು, ಐದೂವರೆ ಮೊನಾಕ್ಸೈಡ್ ಆಗಿಯೇ ಹೊರಬಿತ್ತು.

ನಿಜವಾದ ಕುಲುಮೆಗಳಲ್ಲಿ ಲೆಕ್ಕ ಇದಕ್ಕಿಂತ ಸ್ವಲ್ಪ ಚೆನ್ನಾಗಿ ಕೂಡಿಬರುತ್ತದೆ. ಅತಿ ಬಿಸಿಯಾದ ಕೆಳಭಾಗದಲ್ಲಿ ಒಂದಷ್ಟು ಆಮ್ಲಜನಕ ಇಂಗಾಲದ ಪಾಲಿಗೇ ಹೋಗಿ ಅನಿಲದ ಹೊರೆ ತಗ್ಗುತ್ತದೆ. ಚೆನ್ನಾಗಿ ನಡೆಯುವ ಕುಲುಮೆಯಲ್ಲಿ ಅರ್ಧದಷ್ಟು ಅನಿಲ ಕೆಲಸಕ್ಕೆ ಬರುತ್ತದೆ. ಈ ಪ್ರಮಾಣ ಬೀಳತೊಡಗಿತೆಂದರೆ ಒಳಗೆ ಅನಿಲ ಸಮನಾಗಿ ಹರಡದೆ ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಓಡುತ್ತಿದೆ ಎಂದು ಅರ್ಥ. ಅದಕ್ಕೇ ಕಂಟ್ರೋಲ್ ರೂಮಿನಲ್ಲಿ ನೆತ್ತಿಯ ಅನಿಲದ ವಿಶ್ಲೇಷಣೆಯ ಮೇಲೆ ಸದಾ ಒಂದು ಕಣ್ಣಿರುತ್ತದೆ. ಹೊರಬಂದ ಮೊನಾಕ್ಸೈಡನ್ನು ಧೂಳು ತೆಗೆದು, ಊದುವ ಗಾಳಿಯನ್ನು ಕಾಯಿಸುವ ಸ್ಟೋವ್‌ಗಳಲ್ಲಿ ಉರಿಸುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ, ಸೋರಿದರೆ ಉಸಿರಾಡಿದವರಿಗೆ ಗೊತ್ತಾಗುವ ಮೊದಲೇ ಪ್ರಾಣ ಹೋಗುತ್ತದೆ. 2014ರ ಜೂನ್‌ನಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಹೀಗೆ ಅನಿಲ ಸೋರಿ ಕೆಲಸಗಾರರೂ ಅಧಿಕಾರಿಗಳೂ ಸತ್ತರು.

ಇಷ್ಟಾದರೂ ಮುಗಿಯಲಿಲ್ಲ. ಅದಿರೆಂದರೆ ಬರೀ ಹೆಮಟೈಟ್ ಅಲ್ಲ. ಅದರ ಜೊತೆ ಮರಳಿನ ಸಿಲಿಕಾ, ಜೇಡಿಯ ಅಲ್ಯೂಮಿನಾ ಬಂದಿರುತ್ತವೆ. ಕೋಕ್ ಉರಿದಾಗ ಉಳಿಯುವ ಬೂದಿಯೂ ಬಹುಪಾಲು ಇವೇ. ಕಾರ್ಬನ್ ಮೊನಾಕ್ಸೈಡ್ ಇವುಗಳನ್ನು ಏನೂ ಮಾಡಲಾರದು. ಸಿಲಿಕಾ ಕರಗಲು 1,700 ಡಿಗ್ರಿಗೂ ಹೆಚ್ಚು ಬೇಕು, ಅಲ್ಯೂಮಿನಾಕ್ಕೆ 2,000 ದಾಟಬೇಕು. ಕುಲುಮೆಯ ತಳದಲ್ಲಿ ದ್ರವಗಳ ಉಷ್ಣತೆ ಇರುವುದು 1,500ರ ಆಸುಪಾಸು. ಹಾಗೇ ಬಿಟ್ಟರೆ ಇವು ಗಟ್ಟಿಯಾಗಿ ಕೂತು ಕುಲುಮೆಯ ಉಸಿರು ಕಟ್ಟಿಸುತ್ತವೆ.

ಸುಣ್ಣಕಲ್ಲು ಬೇಕಾಗುವುದು ಇಲ್ಲಿ. ಬಿಸಿಗೆ ಅದು ಸುಟ್ಟ ಸುಣ್ಣವಾಗುತ್ತದೆ. ಸುಣ್ಣ ಒಂಟಿಯಾಗಿದ್ದರೆ ಸಿಲಿಕಾಕ್ಕಿಂತಲೂ ಕರಗದ ವಸ್ತು. ಆದರೆ ಸಿಲಿಕಾ, ಅಲ್ಯೂಮಿನಾ, ಸುಣ್ಣ ಸರಿಯಾದ ಪ್ರಮಾಣದಲ್ಲಿ ಕೂಡಿದರೆ ಮಿಶ್ರಣ 1,300–1,400 ಡಿಗ್ರಿಯಲ್ಲೇ ನೀರಾಗುತ್ತದೆ. ಇದೇ ಕಿಟ್ಟ, ಕಾರ್ಖಾನೆಯ ಮಾತಿನಲ್ಲಿ ಸ್ಲ್ಯಾಗ್. ಕಬ್ಬಿಣದ ಅರ್ಧಕ್ಕಿಂತ ಕಡಿಮೆ ಸಾಂದ್ರತೆ ಇರುವುದರಿಂದ ಅದು ಮೇಲೆ ತೇಲುತ್ತದೆ, ಎರಡನ್ನೂ ಬೇರೆಬೇರೆಯಾಗಿ ಹರಿಸಬಹುದು. ನಮ್ಮ ದೇಶದ ಕುಲುಮೆಗಳಲ್ಲಿ ಒಂದು ಟನ್ ಬೀಡುಕಬ್ಬಿಣಕ್ಕೆ 300ರಿಂದ 400 ಕಿಲೋ ಕಿಟ್ಟ ಬರುವುದು ಸಾಮಾನ್ಯ.

ಇದನ್ನು ಬರೀ ಕಸ ಎನ್ನುವವರು ಕುಲುಮೆಯನ್ನು ಅರ್ಧ ಮಾತ್ರ ನೋಡಿದ್ದಾರೆ. ಕಿಟ್ಟ ನೆಟ್ಟಗಿದ್ದರೆ ಕಬ್ಬಿಣ ತಾನಾಗಿ ನೆಟ್ಟಗಾಗುತ್ತದೆ ಎಂಬ ಮಾತು ಈ ಕಸುಬಿನಲ್ಲಿ ಹಳೆಯದು, ಮತ್ತು ಅದಕ್ಕೆ ಕಾರಣ ಗಂಧಕ. ಕೋಕ್ ಜೊತೆ ಬರುವ ಗಂಧಕ ಕಬ್ಬಿಣದಲ್ಲಿ ಉಳಿದರೆ, ಅದರಿಂದ ಮಾಡಿದ ಉಕ್ಕು ಕಾಯಿಸಿ ಬಡಿಯುವಾಗ ಬಿರಿಯುತ್ತದೆ. ಕರಗಿದ ಕಬ್ಬಿಣದ ಹನಿಗಳು ಕಿಟ್ಟದ ಪದರವನ್ನು ಹಾದು ತಳಕ್ಕೆ ಇಳಿಯುವಾಗ ಅಲ್ಲಿನ ಸುಣ್ಣ ಗಂಧಕವನ್ನು ಹಿಡಿದು ಕ್ಯಾಲ್ಸಿಯಂ ಸಲ್ಫೈಡ್ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಕೋಕ್ ಅಲ್ಲ, ಮಲೆನಾಡಿನ ಮರದ ಇದ್ದಿಲು. ಇದ್ದಿಲಿನಲ್ಲಿ ಗಂಧಕವೂ ಬೂದಿಯೂ ಬಹಳ ಕಡಿಮೆ, ಆದ್ದರಿಂದ ಕಿಟ್ಟದ ಮೇಲಿನ ಹೊರೆಯೂ ಕಡಿಮೆ. ಇದ್ದಿಲಿನ ತೊಂದರೆ ಬೇರೆ: ಅದು ಮೆತ್ತಗೆ. ಅದಿರು ಕರಗುವ ಜಾಗದಲ್ಲಿ ಗಟ್ಟಿಯಾಗಿ ಉಳಿದು ಮೇಲಿನ ಭಾರವನ್ನು ಹೊತ್ತು, ಅನಿಲಕ್ಕೆ ಸಂದಿ ಬಿಡುವುದು ಇಂಧನದ ತುಂಡುಗಳು ಮಾತ್ರ. ಇದ್ದಿಲು ಪುಡಿಯಾಗುವುದರಿಂದ ಅಂಥ ಕುಲುಮೆಯನ್ನು ಬಹಳ ದೊಡ್ಡದಾಗಿ ಕಟ್ಟಲಾಗುವುದಿಲ್ಲ.

ಸುಣ್ಣ ಎಷ್ಟು ಹಾಕಬೇಕು ಎಂಬುದರಲ್ಲೇ ಎಲ್ಲ ಕುಶಲತೆ ಇದೆ. ಸಾಮಾನ್ಯವಾಗಿ ಕಿಟ್ಟದಲ್ಲಿ ಸುಣ್ಣ ಸಿಲಿಕಾದಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು, ಅಂದರೆ ಒಂದಕ್ಕೆ ಒಂದರಿಂದ ಒಂದೂಕಾಲು ಇರುವಂತೆ ನೋಡಿಕೊಳ್ಳುತ್ತಾರೆ. ಕಡಿಮೆಯಾದರೆ ಗಂಧಕ ಕಬ್ಬಿಣದಲ್ಲೇ ಉಳಿಯುತ್ತದೆ. ಹೆಚ್ಚಾದರೆ ಕಿಟ್ಟ ಕರಗುವ ಉಷ್ಣತೆ ಏರಿ ಹರಿಯಲು ಒಲ್ಲೆನ್ನುತ್ತದೆ. ಜೊತೆಗೆ ಅದಿರಿನಿಂದ ಬಂದ ಪೊಟ್ಯಾಸಿಯಂನಂಥ ಕ್ಷಾರಗಳು ಕಿಟ್ಟದೊಡನೆ ಹೊರಹೋಗದೆ, ಆವಿಯಾಗಿ ಮೇಲೇರಿ ಗೋಡೆಗೆ ಕಟ್ಟಿಕೊಂಡು ಕುಲುಮೆಯನ್ನು ಕಿರಿದಾಗಿಸುತ್ತವೆ. ನಮ್ಮ ಅದಿರಿನ ವಿಶೇಷ ತೊಡಕು ಅಲ್ಯೂಮಿನಾ. ಭಾರತದ ಕುಲುಮೆಗಳ ಕಿಟ್ಟದಲ್ಲಿ ಅದು ನೂರಕ್ಕೆ ಹದಿನೇಳು, ಇಪ್ಪತ್ತರವರೆಗೂ ಹೋಗಿ ಕಿಟ್ಟವನ್ನು ಮಂದವಾಗಿಸುತ್ತದೆ. ತೆಳುವಾಗಿಸಲು ಡಾಲಮೈಟ್‌ನಂಥ ಮೆಗ್ನೀಷಿಯಂ ಇರುವ ಕಲ್ಲನ್ನು ಸೇರಿಸುತ್ತಾರೆ.

ಪ್ರಯೋಗಾಲಯದ ಉತ್ತರ ಬರುವ ಮೊದಲೇ ಅನುಭವಸ್ಥರು ಕಣ್ಣಲ್ಲೇ ಅಳೆಯುತ್ತಾರೆ. ಹರಿಯುವ ಕಿಟ್ಟಕ್ಕೆ ಕಬ್ಬಿಣದ ಸಲಾಕೆ ಅದ್ದಿ ಮೇಲೆತ್ತಿ ನೋಡುತ್ತಾರೆ, ಮನೆಯಲ್ಲಿ ಬೆಲ್ಲದ ಪಾಕದ ಎಳೆ ನೋಡುವ ಹಾಗೆ. ಉದ್ದನೆಯ ಎಳೆ ಬಂದು, ಆರಿದ ಮೇಲೆ ಗಾಜಿನಂತೆ ಹೊಳೆದರೆ ಸಿಲಿಕಾ ಹೆಚ್ಚು. ಎಳೆ ಬಾರದೆ ಹನಿಹನಿಯಾಗಿ ಕಡಿದು ಬಿದ್ದು, ಆರಿದಾಗ ಕಲ್ಲಿನಂತೆ ಮಂಕಾಗಿದ್ದರೆ ಸುಣ್ಣ ಹೆಚ್ಚು. ಬಣ್ಣ ಇನ್ನೂ ಮುಖ್ಯ. ಆರೋಗ್ಯವಾಗಿರುವ ಕುಲುಮೆಯ ಕಿಟ್ಟ ಆರಿದಾಗ ಬೂದು ಅಥವಾ ಬಿಳಿಚು. ಅದು ಕಪ್ಪಾಗತೊಡಗಿತೆಂದರೆ ವುಸ್ಟೈಟ್ ಪೂರ್ತಿ ಕಬ್ಬಿಣವಾಗದೆ ಕಿಟ್ಟದಲ್ಲಿ ಕರಗಿ ಬರುತ್ತಿದೆ, ಕುಲುಮೆ ತಣ್ಣಗಾಗುತ್ತಿದೆ ಎಂದು ಅರ್ಥ. ಟುಯರ್ ಒಡೆದು ನೀರು ಸೋರಿರಬಹುದು, ಅಥವಾ ಮೇಲೆ ಕಚ್ಚಿಕೊಂಡಿದ್ದ ಅದಿರು ಒಮ್ಮೆಲೇ ಕುಸಿದು, ಅನಿಲದ ಕೆಲಸ ಮುಗಿಯುವ ಮೊದಲೇ ಕೆಳಗೆ ಬಿದ್ದಿರಬಹುದು. ಕಪ್ಪು ಕಿಟ್ಟ ಕಂಡ ಕೂಡಲೇ ಕೋಕ್ ಹೆಚ್ಚಿಸಿ, ಅದಿರು ತಗ್ಗಿಸುತ್ತಾರೆ. ತಡಮಾಡಿದರೆ ತಳದಲ್ಲೇ ಎಲ್ಲವೂ ಹೆಪ್ಪುಗಟ್ಟಿ, ಕುಲುಮೆಯನ್ನು ಮತ್ತೆ ಜೀವಕ್ಕೆ ತರಲು ವಾರಗಳೇ ಬೇಕಾಗಬಹುದು.

ಕಿಟ್ಟಕ್ಕೆ ಆಗದ ಕೆಲಸವೂ ಒಂದಿದೆ. ರಂಜಕವನ್ನು ಅದು ಹಿಡಿಯಲಾರದು. ರಂಜಕ ಕಿಟ್ಟದಲ್ಲಿ ಉಳಿಯಬೇಕಾದರೆ ಆಮ್ಲಜನಕದ ಜೊತೆಗಿರಬೇಕು. ಆಮ್ಲಜನಕವನ್ನೆಲ್ಲ ಕಿತ್ತುಕೊಳ್ಳಲೆಂದೇ ಇರುವ ಈ ಕುಲುಮೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಆದ್ದರಿಂದ ಅದಿರಿನ ರಂಜಕ ಹೆಚ್ಚುಕಡಿಮೆ ಪೂರ್ತಿಯಾಗಿ ಕಬ್ಬಿಣಕ್ಕೆ ಇಳಿಯುತ್ತದೆ. ಮುಂದೆ ಉಕ್ಕು ಮಾಡುವ ಘಟಕದಲ್ಲಿ ಆಮ್ಲಜನಕ ಊದಿ, ಸುಣ್ಣ ಹಾಕಿ, ಇನ್ನೊಂದು ಬಗೆಯ ಕಿಟ್ಟ ಕಟ್ಟಿ ಅದನ್ನು ತೆಗೆಯಬೇಕಾಗುತ್ತದೆ.

ಊದುಕುಲುಮೆಯ ಕಿಟ್ಟ ಮುಂದೆ ಏನಾಗುತ್ತದೆ ಎಂಬುದು ಅದು ಆರುವ ವೇಗದ ಮೇಲೆ ನಿಂತಿದೆ. ಗುಂಡಿಯಲ್ಲಿ ನಿಧಾನವಾಗಿ ಆರಿದರೆ ಹರಳುಗಟ್ಟಿ ಜಲ್ಲಿಯಂತಾಗುತ್ತದೆ, ರಸ್ತೆಗೆ ಹಾಕಬಹುದು. ಹರಿಯುತ್ತಿರುವಾಗಲೇ ರಭಸದ ನೀರು ಚಿಮ್ಮಿಸಿದರೆ ಹರಳುಗಟ್ಟಲು ಸಮಯ ಸಿಗದೆ ಗಾಜಿನ ಮರಳಾಗುತ್ತದೆ. ಈ ಮರಳನ್ನು ನುಣ್ಣಗೆ ಅರೆದು ಸಿಮೆಂಟ್ ಕ್ಲಿಂಕರ್ ಮತ್ತು ಜಿಪ್ಸಂ ಜೊತೆ ಬೆರೆಸಿದರೆ ನೀರು ತಾಗಿದಾಗ ತಾನೂ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸ್ಲ್ಯಾಗ್ ಸಿಮೆಂಟ್ ಎಂದು ಮಾರುವ ಚೀಲದಲ್ಲಿ ಇರುವುದು ಇದೇ. ಅದು ಮೊದಲ ದಿನಗಳಲ್ಲಿ ಮಾಮೂಲಿ ಸಿಮೆಂಟಿಗಿಂತ ನಿಧಾನವಾಗಿ ಬಲ ಪಡೆಯುತ್ತದೆ. ಆದ್ದರಿಂದ ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡದೆ, ನೀರುಣಿಸುವುದನ್ನು ಇನ್ನಷ್ಟು ದಿನ ಮುಂದುವರಿಸಬೇಕು.