ತಲೆಗೆ ಪೆಟ್ಟಾದವರು ‘ಚಿಕಿತ್ಸೆ ಬೇಡ’ ಎಂದಾಗ

ಹೈದರಾಬಾದಿನ ಸುಲ್ತಾನ್ ಬಜಾರಿನ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳಿ. ಸ್ಕೂಟರಿನಿಂದ ಬಿದ್ದು ಮಿದುಳಿಗೆ ಪೆಟ್ಟಾದ ತಂದೆಗೆ ಎರಡು ಸಲ ಫಿಟ್ಸ್ ಬಂದಿದೆ. ಈಗ ಅವರು ‘ಮಾತ್ರೆ ಬೇಡ’ ಎನ್ನುತ್ತಾರೆ. ಇದು ಅವರ ನಿರ್ಧಾರವೋ, ಪೆಟ್ಟಿನ ಪರಿಣಾಮವೋ? ವೈದ್ಯರು ನಾಲ್ಕು ವಿಷಯ ನೋಡುತ್ತಾರೆ.

ಮೊದಲನೆಯದು, ಅರ್ಥವಾಗಿದೆಯೇ? ‘ಮಾತ್ರೆ ಯಾಕೆ, ನಿಮ್ಮ ಮಾತಿನಲ್ಲೇ ಹೇಳಿ’ ಎಂದಾಗ, ‘ಫಿಟ್ಸ್ ಬರದಿರಲು’ ಎಂದು ತಂದೆ ಸರಿಯಾಗಿ ಹೇಳುತ್ತಾರೆ.

ಎರಡನೆಯದು, ಅದು ತನಗೂ ಅನ್ವಯಿಸುತ್ತದೆ ಎಂಬ ಅರಿವು. ‘ನಿಲ್ಲಿಸಿದರೆ ನಿಮಗೆ ಏನಾಗಬಹುದು?’ ಎಂದರೆ, ‘ನನಗೆ ಫಿಟ್ಸ್ ಬಂದೇ ಇಲ್ಲ’ ಎನ್ನುತ್ತಾರೆ. ಇದು ಹಠವಲ್ಲ. ಮಿದುಳಿನ ಪೆಟ್ಟು ತನ್ನ ತೊಂದರೆಯೇ ತನಗೆ ತಿಳಿಯದಂತೆ ಮಾಡಬಹುದು. ತಂದೆಯ ಸಾಮರ್ಥ್ಯ ಕುಂದಿರುವುದು ಇಲ್ಲಿ.

ಮೂರನೆಯದು ತರ್ಕ. ‘ಫಿಟ್ಸ್ ಬರಬಹುದು, ಗೊತ್ತು. ಆದರೆ ಮಾತ್ರೆಯಿಂದ ದಿನವಿಡೀ ಮಂಪರು’ ಎಂದಿದ್ದರೆ ಅವರು ಎರಡನ್ನೂ ತೂಗಿ ನೋಡಿದ್ದಾರೆ ಎಂದರ್ಥ. ಆಗ ಮಾತ್ರೆ ಬದಲಿಸುವ ಬಗ್ಗೆ ವೈದ್ಯರೊಂದಿಗೆ ಮಾತಾಡಬಹುದು. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆಯೂ, ನಿರ್ಧಾರವು ಬೇರೆಯವರಿಗೆ ತಪ್ಪೆನಿಸಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಲಾಗದು ಎನ್ನುತ್ತದೆ.

ನಾಲ್ಕನೆಯದು, ಆಯ್ಕೆಯನ್ನು ತಿಳಿಸುವುದು. ಮಾತು ಬಾರದಿದ್ದರೆ ಸನ್ನೆಯೂ ಸಾಕು. ಸ್ವಲ್ಪ ಹೊತ್ತಿನ ನಂತರ ಕೇಳಿದರೂ ಅದೇ ಉತ್ತರ ಬರಬೇಕು.

ಪ್ರಶ್ನೆಗಳನ್ನು ಕನ್ನಡದಲ್ಲೇ, ಮಂಪರಿಲ್ಲದ ಹೊತ್ತಿನಲ್ಲಿ ಕೇಳುವಂತೆ ವೈದ್ಯರಿಗೆ ಹೇಳಿ. ತಂದೆಯ ಪರವಾಗಿ ನೀವು ಉತ್ತರಿಸಬೇಡಿ. ಈ ತೀರ್ಮಾನ ಈ ಮಾತ್ರೆಯ ವಿಷಯಕ್ಕೆ, ಈ ಹೊತ್ತಿಗೆ ಮಾತ್ರ. ಚೇತರಿಸಿಕೊಂಡಂತೆ ಮತ್ತೆ ಪರೀಕ್ಷಿಸಬೇಕು.