ಬಿಲ್ ನಂಬರಿನ ಮುಂದೆ ವರ್ಷ ಯಾಕೆ?

ಮಾರ್ಚ್ ತಿಂಗಳಲ್ಲಿ ಕಾರ್ಖಾನೆಗಳ ಅಕೌಂಟ್ಸ್ ವಿಭಾಗದಿಂದ ಸರಕು ಪೂರೈಸುವವರಿಗೆ ಒಂದಲ್ಲ ಒಂದು ಪತ್ರ ಹೋಗುತ್ತಲೇ ಇರುತ್ತದೆ. ಬಾಕಿ ಲೆಕ್ಕ ತಾಳೆ ನೋಡಿ ಸಹಿ ಹಾಕಿ ಕಳಿಸಿ, ಬ್ಯಾಂಕ್ ಖಾತೆ ಬದಲಾಗಿದ್ದರೆ ತಿಳಿಸಿ, ಹೀಗೆ. ಅವುಗಳ ನಡುವೆ ಪೀಣ್ಯದಲ್ಲಿ ಬೋಲ್ಟು-ನಟ್ಟು ಮಾಡುವ ಸಣ್ಣ ಘಟಕವೊಂದರ ಮಾಲೀಕರಿಗೆ ಇಂಥದೊಂದು ಪತ್ರ ಬಂತು ಎಂದುಕೊಳ್ಳೋಣ:

“ಮಾನ್ಯರೇ, ನಮಸ್ಕಾರ. 2026ರ ಏಪ್ರಿಲ್ 1ರಿಂದ ತಮ್ಮ ಬಿಲ್ ನಂಬರಿನ ಮುಂದೆ ಹಣಕಾಸು ವರ್ಷ ಬರುವಂತೆ ಮಾಡಬೇಕೆಂದು ಕೋರಿಕೆ. ಮಾದರಿ: 26-27/0001, ಅದರ ನಂತರ 26-27/0002. ಮಾರ್ಚ್ 31ರವರೆಗಿನ ಬಿಲ್‌ಗಳಿಗೆ ಹಳೆಯ ನಂಬರೇ ಇರಲಿ, ಅವನ್ನು ತಿದ್ದುವುದು ಬೇಡ. ನಮಗಾಗಿ ಬೇರೆ ಬಿಲ್ ಬುಕ್ಕೂ ಬೇಡ, ತಮ್ಮ ಎಲ್ಲ ಗಿರಾಕಿಗಳಿಗೂ ಇದೇ ಸರಣಿ ನಡೆಯಲಿ. ಬಿಲ್ಲಿನ ಮೇಲೆ ನಂಬರ್ ಹೇಗಿದೆಯೋ ಜಿಎಸ್‌ಟಿ ರಿಟರ್ನ್‌ನಲ್ಲೂ ಹಾಗೆಯೇ ಇರಬೇಕೆಂದು ತಮ್ಮ ಆಡಿಟರಿಗೆ ದಯವಿಟ್ಟು ತಿಳಿಸಿ. ಕ್ರೆಡಿಟ್ ನೋಟ್ ಕೊಡುವಾಗ ಮೂಲ ಬಿಲ್ಲಿನ ಪೂರ್ತಿ ನಂಬರ್ ಮತ್ತು ತಾರೀಖು ಬರೆಯಿರಿ. ಸಂದೇಹವಿದ್ದರೆ ಫೋನ್ ಮಾಡಿ.”

ಓದಿದ ಮಾಲೀಕರಿಗೆ ಮೊದಲು ಹುಟ್ಟುವ ಪ್ರಶ್ನೆ, ಇದೇನು ಸರ್ಕಾರದ ಹೊಸ ಕಾನೂನೇ ಎಂದು. ಅಲ್ಲ. ಬಿಲ್ ನಂಬರಿನ ಮುಂದೆ ವರ್ಷ ಹಾಕಲೇಬೇಕೆಂದು ಜಿಎಸ್‌ಟಿ ಕಾನೂನು ಎಲ್ಲೂ ಹೇಳುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳಲ್ಲಿ 46ನೆಯದು ಟ್ಯಾಕ್ಸ್ ಇನ್‌ವಾಯ್ಸ್ ಹೇಗಿರಬೇಕೆಂದು ವಿವರಿಸುತ್ತದೆ. ನಂಬರುಗಳು ಒಂದರ ಹಿಂದೆ ಒಂದು ಬರಬೇಕು. ಒಟ್ಟು 16 ಅಕ್ಷರ ಮೀರಬಾರದು. ಅಕ್ಷರ, ಅಂಕಿಗಳ ಜೊತೆಗೆ ಅಡ್ಡಗೆರೆ (-) ಮತ್ತು ಓರೆಗೆರೆ (/) ಮಾತ್ರ ಬಳಸಬಹುದು. ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು.

ತೊಡಕಿರುವುದು ಈ ಕೊನೆಯ ಮಾತಿನಲ್ಲಿ. ಒಂದು ವರ್ಷದೊಳಗೆ ನಂಬರ್ ಮರುಕಳಿಸಬಾರದು, ಅಷ್ಟೇ. ಏಪ್ರಿಲ್ ಬಂದಾಗ ಮತ್ತೆ ಒಂದರಿಂದ ಶುರು ಮಾಡಿದರೆ ತಪ್ಪಿಲ್ಲ, ನಮ್ಮ ಸಣ್ಣ ಉದ್ದಿಮೆಗಳು ಬಹುಪಾಲು ಮಾಡುವುದೂ ಹಾಗೆಯೇ. ಮಾರುವವರ ಮಟ್ಟಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಮಾರ್ಚ್ 31ಕ್ಕೆ ಹಳೆಯ ಬುಕ್ಕು ಕಪಾಟು ಸೇರುತ್ತದೆ, ಹೊಸದು ಮೇಜಿನ ಮೇಲೆ ಬರುತ್ತದೆ. ಕೊಳ್ಳುವವರ ಕಡೆ ಮಾತ್ರ ಎರಡು ವರ್ಷದ ಬಿಲ್‌ಗಳು ಒಂದೇ ಮೇಜಿನ ಮೇಲೆ ತಿಂಗಳುಗಟ್ಟಲೆ ಜೊತೆಯಾಗಿರುತ್ತವೆ. ಒಂದು ವರ್ಷದ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಮುಂದಿನ ನವೆಂಬರ್ 30ರವರೆಗೆ ಅವಕಾಶವಿದೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನಕ್ಕೇ ಅವಕಾಶ ಮುಗಿಯುತ್ತದೆ. ಹಾಗಾಗಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಗುಮಾಸ್ತರು ಎರಡೂ ವರ್ಷದ ಬಿಲ್‌ಗಳನ್ನು ಒಟ್ಟಿಗೆ ತಾಳೆ ನೋಡುತ್ತಿರುತ್ತಾರೆ.

ಇದು ಎಲ್ಲಿ ಕೈಕೊಡುತ್ತದೆಂದು ತಿಳಿಯಲು ಒಂದೇ ನಂಬರಿನ ಬೆನ್ನು ಹತ್ತೋಣ. ಬೋಲ್ಟಿನ ಘಟಕದವರು 2024ರ ಜೂನ್ 18ರಂದು 47ನೇ ನಂಬರಿನ ಬಿಲ್ ಕೊಟ್ಟರು. ಸರಕಿನ ಬೆಲೆ 30,000 ರೂಪಾಯಿ, ಶೇ 18ರ ಜಿಎಸ್‌ಟಿ 5,400, ಒಟ್ಟು 35,400. ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಒಂದರಿಂದ ಶುರುವಾಗಿ, 2025ರ ಜೂನ್ 11ಕ್ಕೆ ಇನ್ನೊಂದು 47 ಬಂತು. ಈ ಸಲ ಸರಕು 40,000, ತೆರಿಗೆ 7,200, ಒಟ್ಟು 47,200 ರೂಪಾಯಿ.

ಕೊಳ್ಳುವ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗದಂತೆ ಒಂದು ಕಾವಲು ಇರುತ್ತದೆ. ಅದೇ ಪೂರೈಕೆದಾರರ ಅದೇ ನಂಬರ್ ಮತ್ತೆ ಬಂದರೆ ತಂತ್ರಾಂಶ ಅದನ್ನು ತಡೆಯುತ್ತದೆ. ಕೆಲವು ತಂತ್ರಾಂಶಗಳು ವರ್ಷವನ್ನೂ ಸೇರಿಸಿ ನೋಡುತ್ತವೆ, ಕೆಲವು ನೋಡುವುದಿಲ್ಲ. ನೋಡದ ಕಡೆ ಎರಡನೆಯ 47 ನಮೂದಾಗುವುದೇ ಇಲ್ಲ. ಕೈಯಲ್ಲಿ ಬಿಲ್ ಇದೆ, ಗೋದಾಮಿನಲ್ಲಿ ಬೋಲ್ಟು ಇದೆ, ಆದರೂ ಎಂಟ್ರಿ ಆಗುತ್ತಿಲ್ಲ. ಆಗ ಅವಸರದಲ್ಲಿರುವ ಗುಮಾಸ್ತರು ಒಂದು ಉಪಾಯ ಮಾಡುತ್ತಾರೆ: 47 ಎನ್ನುವುದನ್ನು 47A ಎಂದು ಟೈಪ್ ಮಾಡುತ್ತಾರೆ. ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ, ಆ ಹೊತ್ತಿನ ಕೆಲಸ ಮುಗಿಯುತ್ತದೆ.

ಮುಂದಿನ ತಿಂಗಳು ಅದೇ ಉಪಾಯ ತಿರುಗಿ ಬೀಳುತ್ತದೆ. ಮಾರುವವರು ರಿಟರ್ನ್ ಸಲ್ಲಿಸಿದ ಮೇಲೆ ಆ ಬಿಲ್‌ಗಳೆಲ್ಲ ಕೊಳ್ಳುವವರ ಜಿಎಸ್‌ಟಿಆರ್ 2ಬಿ ಎಂಬ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಪಟ್ಟಿಯಲ್ಲಿ ಇಲ್ಲದ ಬಿಲ್ಲಿನ ತೆರಿಗೆ ಜಮೆ ಸಿಗುವುದಿಲ್ಲ. ಆದ್ದರಿಂದ ಪ್ರತಿ ತಿಂಗಳೂ ತಮ್ಮ ಪುಸ್ತಕವನ್ನು ಆ ಪಟ್ಟಿಯೊಂದಿಗೆ ಜೋಡಿಸಿ ನೋಡಲೇಬೇಕು. ಪಟ್ಟಿಯಲ್ಲಿ 47 ಎಂದಿದೆ, ಪುಸ್ತಕದಲ್ಲಿ 47A ಎಂದಿದೆ. ಜೋಡಿಸುವ ತಂತ್ರಾಂಶದ ಪಾಲಿಗೆ ಇವು ಎರಡು ಬೇರೆ ಬಿಲ್‌ಗಳು. ಒಂದು “ಪುಸ್ತಕದಲ್ಲಿ ಇಲ್ಲ”, ಇನ್ನೊಂದು “ಪಟ್ಟಿಯಲ್ಲಿ ಇಲ್ಲ”. ಏಳು ಸಾವಿರದ ಇನ್ನೂರು ರೂಪಾಯಿಯ ತೆರಿಗೆ ಜಮೆ ನಡುವೆ ತೂಗಾಡುತ್ತದೆ. ತಾಳೆಯಾಗುವವರೆಗೆ ಆ ಮೊತ್ತ ತಡೆದಿಡುವ ಕಾರ್ಖಾನೆಗಳೂ ಇವೆ. ಏನೂ ತಪ್ಪು ಮಾಡದ ಬೋಲ್ಟಿನವರು ಫೋನ್ ಮಾಡಿ, “ಸರ್, ನಮ್ಮ ಪೇಮೆಂಟ್ ಯಾಕೆ ಪೂರ್ತಿ ಬಂದಿಲ್ಲ?” ಎಂದು ಕೇಳುವ ಸ್ಥಿತಿ.

ಕ್ರೆಡಿಟ್ ನೋಟ್ ಬಂದರೆ ಗೋಜಲು ಹೆಚ್ಚುತ್ತದೆ. ಎರಡನೆಯ 47ರಲ್ಲಿ ಬಂದ ಬೋಲ್ಟುಗಳಲ್ಲಿ ಕೆಲವಕ್ಕೆ ಮರೆ ಸರಿಯಿಲ್ಲವೆಂದು ವಾಪಸು ಹೋದವು ಎನ್ನಿ. ಆಗ ಮಾರುವವರು ಕ್ರೆಡಿಟ್ ನೋಟ್ ಕೊಡಬೇಕು, ಅದರಲ್ಲಿ ಮೂಲ ಬಿಲ್ಲಿನ ನಂಬರ್ ಮತ್ತು ತಾರೀಖು ಎರಡೂ ಇರಬೇಕೆಂಬುದು ನಿಯಮ. ಆದರೆ ಬಹಳ ಕಡೆ “ಬಿಲ್ ನಂ. 47ರ ಬಾಬ್ತು” ಎಂದಷ್ಟೇ ಬರೆದು ಕಳಿಸುವುದುಂಟು. ಯಾವ 47? ಬಿಲ್ಲಿನ ಮೇಲೆ 25-26/0047 ಎಂದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ, ತಾರೀಖು ಬರೆಯಲು ಮರೆತರೂ ವರ್ಷ ಗೊತ್ತಾಗುತ್ತಿತ್ತು.

ಪತ್ರದಲ್ಲಿ “ಕೋರಿಕೆ” ಎಂದಿರುವುದು ಬರಿಯ ಸೌಜನ್ಯಕ್ಕಲ್ಲ. ಬಿಲ್ ನಂಬರ್ ಕೊಡುವ ಹಕ್ಕೂ ಹೊಣೆಯೂ ಮಾರುವವರದು. ಕೊಳ್ಳುವವರು ಕೇಳಿಕೊಳ್ಳಬಹುದು, ಬಂದ ಬಿಲ್ಲಿನ ಮೇಲೆ ತಾವೇ ವರ್ಷ ಸೇರಿಸಿಕೊಳ್ಳುವಂತಿಲ್ಲ. ಸೇರಿಸಿಕೊಂಡರೆ ಅದೂ 47Aಯ ಇನ್ನೊಂದು ರೂಪವೇ ಆಗುತ್ತದೆ. ಒಬ್ಬ ಗಿರಾಕಿಗೆ ಒಂದು ಸರಣಿ, ಇನ್ನೊಬ್ಬರಿಗೆ ಇನ್ನೊಂದು ಎಂದು ನಡೆಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಜಿಎಸ್‌ಟಿಆರ್ 1ರ 13ನೇ ಪಟ್ಟಿಯಲ್ಲಿ ಪ್ರತಿ ಸರಣಿಗೂ ಎಲ್ಲಿಂದ ಎಲ್ಲಿಯವರೆಗೆ ಬಿಲ್ ಹರಿದಿದ್ದೀರಿ, ಎಷ್ಟು ರದ್ದಾದವು ಎಂದು ತೋರಿಸಬೇಕಾಗುತ್ತದೆ. ಮೂರು ಗಿರಾಕಿಗಳಿಗೆ ಮೂರು ಸರಣಿ ಇಟ್ಟುಕೊಂಡ ಸಣ್ಣ ಘಟಕದವರು ಲೆಕ್ಕದಲ್ಲೇ ಹೈರಾಣಾಗುತ್ತಾರೆ. ಎಲ್ಲರಿಗೂ ಒಂದೇ ಸರಣಿ ಇರಲಿ ಎಂದು ಪತ್ರ ಬರೆದ ಗುಮಾಸ್ತರು ಸೇರಿಸಿದ್ದು ಬಹಳ ಒಳ್ಳೆಯದಾಯಿತು.

ಮಾದರಿಯನ್ನು ಹೇಗೆ ಕಟ್ಟಬೇಕು ಎಂಬಲ್ಲಿ 16 ಅಕ್ಷರದ ಮಿತಿ ಎದುರಾಗುತ್ತದೆ. ಉತ್ಸಾಹದಲ್ಲಿ BOLT/2026-27/00047 ಎಂದು ಮಾಡಿದರೆ ಎಣಿಸಿ ನೋಡಿ: ಹೆಸರಿಗೆ ನಾಲ್ಕು, ಓರೆಗೆರೆ ಒಂದು, ವರ್ಷಕ್ಕೆ ಏಳು, ಮತ್ತೊಂದು ಓರೆಗೆರೆ, ಅಂಕಿ ಐದು, ಒಟ್ಟು 18. ಎರಡು ಹೆಚ್ಚಾಯಿತು. ಗೆರೆಗಳೂ ಲೆಕ್ಕಕ್ಕೆ ಬರುತ್ತವೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. 26-27/0047 ಎಂದರೆ ಹತ್ತಕ್ಕೇ ಮುಗಿಯುತ್ತದೆ. ಎರಡು ಗೋದಾಮು ಇದ್ದವರು ನಡುವೆ ಒಂದು ಅಕ್ಷರ ಸೇರಿಸಿ 26-27/P/0047 ಮಾಡಿಕೊಂಡರೂ ಹನ್ನೆರಡೇ. ಹೆಸರು ಬಿಲ್ಲಿನ ತಲೆಯ ಮೇಲೆ ಹೇಗೂ ಇರುತ್ತದೆ, ಅದನ್ನು ನಂಬರಿನೊಳಗೂ ತುರುಕುವ ಅಗತ್ಯ ನನಗಂತೂ ಕಾಣದು.

ವರ್ಷ ಮುಂದೆ ಬರುವುದರಿಂದ ಇನ್ನೊಂದು ಅನುಕೂಲವಿದೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಬೇರೆ ಉದ್ದಿಮೆಗಳಿಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡಬೇಕು. ಅಲ್ಲಿ ಸೊನ್ನೆಯಿಂದಲೋ ಗೆರೆಯಿಂದಲೋ ಶುರುವಾಗುವ ನಂಬರನ್ನು ಪೋರ್ಟಲ್ ಸ್ವೀಕರಿಸುವುದಿಲ್ಲ. ಬರಿಯ 0047 ತಿರಸ್ಕೃತವಾಗುತ್ತದೆ, 26-27/0047 ದಾಟಿ ಹೋಗುತ್ತದೆ. ಎಕ್ಸೆಲ್ ಹಾಳೆಯಲ್ಲೂ ಅಷ್ಟೇ. ಬರಿಯ 0047 ಟೈಪ್ ಮಾಡಿದರೆ ಎಕ್ಸೆಲ್ ಎರಡು ಸೊನ್ನೆ ನುಂಗಿ 47 ಎಂದು ತೋರಿಸುತ್ತದೆ. ಪೂರ್ತಿ ನಂಬರಿನಲ್ಲಿ ಗೆರೆಗಳಿರುವುದರಿಂದ ಅದು ಹಾಗೆಯೇ ಉಳಿಯುತ್ತದೆ.

ಬದಲಾವಣೆಯ ಮೊದಲ ವರ್ಷ ಎಡವುವ ಜಾಗಗಳು ಎರಡು. ಒಂದು ಜನವರಿ. ಹೊಸ ಕ್ಯಾಲೆಂಡರ್ ಗೋಡೆಗೇರಿದ ಕೂಡಲೇ ಕೈ ತಾನಾಗಿ ವರ್ಷ ಬದಲಿಸಿಬಿಡುತ್ತದೆ. 2027ರ ಜನವರಿ, ಫೆಬ್ರುವರಿ, ಮಾರ್ಚ್ ಮೂರೂ 26-27ಕ್ಕೇ ಸೇರಿದವು. ಇನ್ನೊಂದು ಮಾರ್ಚ್ ಕೊನೆಯ ಲೋಡು. ಮಾರ್ಚ್ 31ಕ್ಕೆ ಬಿಲ್ ಹರಿದು ಕಳಿಸಿದ ಸರಕು ಏಪ್ರಿಲ್ 2ಕ್ಕೆ ಗೇಟು ದಾಟಿದರೂ ಬಿಲ್ಲಿನ ತಾರೀಖು ಮಾರ್ಚಿನದು, ಆದ್ದರಿಂದ ನಂಬರೂ ಹಳೆಯ ವರ್ಷದ್ದೇ. ಸರಕು ತಲುಪಿದ ದಿನ ನೋಡಿ ಅದನ್ನು ಬದಲಿಸಬೇಡಿ.

ಆಡಿಟರ ಕಚೇರಿಯಲ್ಲಿ ರಿಟರ್ನ್ ತುಂಬುವವರಿಗೆ ವಿಷಯ ಮುಟ್ಟದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಬಿಲ್ಲಿನ ಮೇಲೆ 26-27/0047, ರಿಟರ್ನ್‌ನಲ್ಲಿ ಹಳೆಯ ರೂಢಿಯಂತೆ 47 ಎಂದಾದರೆ ಕೊಳ್ಳುವವರ ಪಟ್ಟಿಯಲ್ಲಿ ಮತ್ತೆ ತಾಳೆ ತಪ್ಪುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ದಾರಿ ಸುಲಭ: ಏಪ್ರಿಲ್ ತಿಂಗಳ ರಿಟರ್ನ್ ಸಲ್ಲಿಸಿದ ಮೇಲೆ ಗಿರಾಕಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ, ಅವರ 2ಬಿ ಪಟ್ಟಿಯಲ್ಲಿ ನಿಮ್ಮ ಮೊದಲ ಬಿಲ್ ಯಾವ ರೂಪದಲ್ಲಿ ಕಾಣುತ್ತಿದೆ ಎಂದು ಓದಿಸಿ ಕೇಳಿ. ತಪ್ಪಿದ್ದರೆ ಮುಂದಿನ ರಿಟರ್ನ್‌ನಲ್ಲಿ ತಿದ್ದುಪಡಿಗೆ ಅವಕಾಶವಿದೆ.

ಮುದ್ರಿಸಿಟ್ಟ ಹಳೆಯ ಬಿಲ್ ಬುಕ್ಕುಗಳ ಚಿಂತೆ ಇರುವವರಿಗೆ ಒಂದು ಮಾತು. ನಂಬರ್ ಅಚ್ಚಾಗಿಲ್ಲದ ಬುಕ್ಕುಗಳಿದ್ದರೆ 26-27/ ಎಂಬ ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು, ನಂಬರನ್ನು ಕೈಯಲ್ಲಿ ಬರೆದು ಮುಂದುವರಿಸಬಹುದು. ಮೂರು ಪ್ರತಿಗಳ ಮೇಲೂ ಸ್ಟಾಂಪ್ ಬೀಳಲಿ. ನಂಬರ್ ಅಚ್ಚಾದ ಬುಕ್ಕು ಅರ್ಧ ಉಳಿದಿದ್ದರೆ, ಮಾರ್ಚ್ 31ರಂದು ಕೊನೆಯ ಬಿಲ್ಲಿನ ನಂಬರನ್ನು ಬರೆದಿಟ್ಟುಕೊಂಡು, ಉಳಿದ ಹಾಳೆಗಳಿಗೆ ಅಡ್ಡಗೀಟು ಹಾಕಿ “ಬಳಸಿಲ್ಲ” ಎಂದು ಬರೆದು ಕಪಾಟಿನಲ್ಲಿಡಿ. ಹೊಸ ಬುಕ್ಕಿಗೆ ಪ್ರೆಸ್ಸಿನವರಲ್ಲಿ ಆರ್ಡರ್ ಕೊಡುವುದಿದ್ದರೆ ಮಾರ್ಚ್ ಮೂರನೇ ವಾರದೊಳಗೆ ಕೊಟ್ಟುಬಿಡಿ.